ಪ್ರಾಯೋಜಕರಿಗೆ ಕಾರ್ಯಕ್ರಮೋತ್ತರ ವರದಿ: ನೋಂದಣಿ, ಹಾಜರಾತಿ, ಅಭಿಪ್ರಾಯಗಳ ಲೆಕ್ಕವನ್ನು ಬರೆಯುವ ಕ್ರಮ

ಕಾರ್ಯಕ್ರಮ ಮುಗಿದ ಮೇಲೆ ಪ್ರಾಯೋಜಕರಿಗೆ ವರದಿ ಕಳುಹಿಸಬೇಕಾದ ಸಂಘಟಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನೋಂದಣಿಯ ಸಂಖ್ಯೆ ಒಂದು ಪಟ್ಟಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದೆ, ಯಾವುದನ್ನು ಬರೆಯಬೇಕು? ಹೆಸರು ನೋಂದಾಯಿಸದೆ ನೇರವಾಗಿ ಬಂದವರನ್ನು ಹಾಜರಾತಿಯಲ್ಲಿ ಸೇರಿಸಬಹುದೇ? ಅಭಿಪ್ರಾಯ ಬರೆದವರು ಮೂರನೇ ಒಂದು ಭಾಗದಷ್ಟು ಮಾತ್ರ ಇದ್ದಾಗ ಅದನ್ನು ಹೇಗೆ ಹೇಳುವುದು? ಈ ಮೂರಕ್ಕೂ ಉತ್ತರ ಒಂದೇ ಕಡೆಯಿಂದ ಬರುತ್ತದೆ. ವರದಿಯಲ್ಲಿ ಬರುವ ಪ್ರತಿಯೊಂದು ಶೇಕಡಾವಾರು ಸಂಖ್ಯೆಯ ಕೆಳಗೆ ಯಾವ ಛೇದವಿದೆ, ಅಂದರೆ ಅದು ಎಷ್ಟು ಜನರಲ್ಲಿ ಎಷ್ಟು ಎಂಬುದನ್ನು, ನೀವು ಮೊದಲೇ ನಿರ್ಧರಿಸಿ ಓದುವವರಿಗೂ ತೋರಿಸಬೇಕು. ವರದಿಯ ವಿನ್ಯಾಸ, ಛಾಯಾಚಿತ್ರ, ಬಣ್ಣಗಳೆಲ್ಲ ಇದರ ನಂತರದ ವಿಷಯ.

ವಿವರಣೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಅದು ಒಂದು ದಿನದ, ಉಚಿತ ಪ್ರವೇಶದ ತಂತ್ರಜ್ಞಾನ ಸಮ್ಮೇಳನ. ಆನ್‌ಲೈನ್ ಅರ್ಜಿಯ ಮೂಲಕ ನೋಂದಣಿ ನಡೆದಿದೆ, ಬಾಗಿಲಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಜನರನ್ನು ಒಳಗೆ ಬಿಡಲಾಗಿದೆ, ಮತ್ತು ಪ್ರಾಯೋಜಕರಿಗಾಗಿ ಸಭಾಂಗಣದ ಹೊರಗೆ ಸ್ಟಾಲ್‌ಗಳಿದ್ದವು. ನಿಮ್ಮ ಕಾರ್ಯಕ್ರಮ ಇದಕ್ಕಿಂತ ಚಿಕ್ಕದಾಗಿದ್ದರೂ ದೊಡ್ಡದಾಗಿದ್ದರೂ ಲೆಕ್ಕದ ದಾರಿ ಇದೇ.

ಬರೆಯಲು ಕೂರುವ ಮೊದಲು ಕೈಯಲ್ಲಿರಬೇಕಾದವು

ನೋಂದಣಿಯ ಪೂರ್ಣ ಪಟ್ಟಿ, ಬಾಗಿಲಿನ ಸ್ಕ್ಯಾನ್ ದಾಖಲೆ, ಸ್ಕ್ಯಾನರ್ ಕೈಕೊಟ್ಟಾಗ ಕಾಗದದ ಮೇಲೆ ಬರೆದುಕೊಂಡ ಹೆಸರುಗಳು, ಅಭಿಪ್ರಾಯ ಸಂಗ್ರಹದ ಉತ್ತರಗಳು, ಮತ್ತು ಪ್ರತಿ ಪ್ರಾಯೋಜಕರೊಂದಿಗೆ ಆದ ಒಪ್ಪಂದದ ಪ್ರತಿ: ಇವಿಷ್ಟು ನಿಮ್ಮಲ್ಲಿರಬೇಕು. ಒಪ್ಪಂದದ ಪ್ರತಿಯನ್ನು ಹಲವರು ಮರೆಯುತ್ತಾರೆ. ಆದರೆ ಪ್ರಾಯೋಜಕರ ಕಡೆಯವರು ವರದಿ ಓದುವಾಗ ತಮ್ಮ ಮುಂದೆ ಇಟ್ಟುಕೊಳ್ಳುವುದು ಅದನ್ನೇ. ವರದಿ ಓದುವವರು ಕಾರ್ಯಕ್ರಮಕ್ಕೆ ಬಂದವರೇ ಆಗಿರಬೇಕೆಂದಿಲ್ಲ ಎಂಬುದೂ ನೆನಪಿರಲಿ. ಮುಂದಿನ ಸಲ ಹಣ ಮಂಜೂರು ಮಾಡುವ ವ್ಯಕ್ತಿಗೆ ನಿಮ್ಮ ಸಮ್ಮೇಳನದ ಬಗ್ಗೆ ತಿಳಿದಿರುವುದೆಲ್ಲ ಈ ಕೆಲವು ಪುಟಗಳಿಂದಲೇ ಇರಬಹುದು.

ಹಂತ 1: ಮೂಲ ದಾಖಲೆಯನ್ನು ಅದೇ ದಿನ ತೆಗೆದಿಡಿ

ಕಾರ್ಯಕ್ರಮ ಮುಗಿದ ಸಂಜೆಯೇ ನೋಂದಣಿ ಪಟ್ಟಿಯನ್ನೂ ಸ್ಕ್ಯಾನ್ ದಾಖಲೆಯನ್ನೂ ಇಳಿಸಿಕೊಂಡು, ಕಡತದ ಹೆಸರಿನಲ್ಲಿ ದಿನಾಂಕ ಸೇರಿಸಿ ಒಂದು ಕಡೆ ಇಡಿ. ಆ ಕಡತವನ್ನು ಮುಂದೆ ಯಾರೂ ಮುಟ್ಟಬಾರದು. ತಿದ್ದುಪಡಿ, ಲೆಕ್ಕಾಚಾರಗಳೆಲ್ಲವೂ ಅದರ ನಕಲಿನಲ್ಲಿ ನಡೆಯಲಿ. ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂದರೆ, ಕಾರ್ಯಕ್ರಮ ಮುಗಿದ ಮೇಲೂ ನೋಂದಣಿಯ ಪುಟ ತೆರೆದೇ ಇದ್ದು ಹೊಸ ಹೆಸರುಗಳು ಸೇರುತ್ತಿರುತ್ತವೆ, ಬರಲಾಗದವರು ತಡವಾಗಿ ತಮ್ಮ ಹೆಸರನ್ನು ರದ್ದು ಮಾಡುತ್ತಾರೆ, ತಂಡದ ಒಬ್ಬರು ಒಳ್ಳೆಯ ಉದ್ದೇಶದಿಂದಲೇ ಸಾಲುಗಳನ್ನು ಅಳಿಸಿರುತ್ತಾರೆ. ವಾರದ ನಂತರ ನೀವು ಲೆಕ್ಕ ಮಾಡಿದಾಗ ಬರುವ ಸಂಖ್ಯೆಗೂ ಮೊದಲ ದಿನದ ಸಂಖ್ಯೆಗೂ ಹೊಂದಾಣಿಕೆ ಇರುವುದಿಲ್ಲ, ಮತ್ತು ವ್ಯತ್ಯಾಸ ಎಲ್ಲಿಂದ ಬಂತು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಸ್ಕ್ಯಾನ್ ದಾಖಲೆಯನ್ನು ತೆರೆದ ಕೂಡಲೇ ಸಮಯದ ಕಾಲಮ್ಮನ್ನು ಒಮ್ಮೆ ನೋಡಿ. ಕೆಲವು ತಂತ್ರಾಂಶಗಳು ಸಮಯವನ್ನು ಸ್ಥಳೀಯ ಗಡಿಯಾರದಂತೆ ಬರೆಯದೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆಯುತ್ತವೆ. ಬಾಗಿಲು ತೆರೆಯುವುದಕ್ಕೆ ಗಂಟೆಗಳ ಮೊದಲೇ ಜನ ಒಳಗೆ ಬಂದಂತೆ ದಾಖಲೆ ತೋರಿಸುತ್ತಿದ್ದರೆ ಕಾರಣ ಇದೇ ಇರಬಹುದು.

ಹಂತ 2: ನೋಂದಣಿಯ ಪಟ್ಟಿಯನ್ನು ಸೋಸಿ

ಇಳಿಸಿಕೊಂಡ ಪಟ್ಟಿಯ ಸಾಲುಗಳ ಸಂಖ್ಯೆಯೇ ನೋಂದಣಿಯ ಸಂಖ್ಯೆಯಲ್ಲ. ನಮ್ಮ ಉದಾಹರಣೆಯ ಪಟ್ಟಿಯಲ್ಲಿ 640 ಸಾಲುಗಳಿವೆ ಎಂದುಕೊಳ್ಳಿ. ಅದನ್ನು ಈ ಕ್ರಮದಲ್ಲಿ ಸೋಸಬೇಕು.

ಮೊದಲು, ಅರ್ಜಿ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ತಂಡದವರು ಪರೀಕ್ಷೆಗಾಗಿ ತುಂಬಿದ 6 ಸಾಲುಗಳನ್ನು ತೆಗೆದರೆ 634 ಉಳಿಯುತ್ತವೆ. ನಂತರ, ಒಬ್ಬರೇ ಎರಡು ಸಲ ನೋಂದಾಯಿಸಿದ 24 ಹೆಚ್ಚುವರಿ ಸಾಲುಗಳನ್ನು ತೆಗೆದರೆ 610. ಸ್ವಯಂಸೇವಕರು, ಭಾಷಣಕಾರರು ಮತ್ತು ಪ್ರಾಯೋಜಕರ ಸಿಬ್ಬಂದಿ ಸೇರಿ 42 ಜನ ಇದೇ ಅರ್ಜಿಯ ಮೂಲಕ ಬ್ಯಾಡ್ಜ್ ಪಡೆದಿದ್ದರೆ ಅವರನ್ನು ಬೇರೆ ಮಾಡಬೇಕು. ಈಗ 568. ಇವರು ನಿಜವಾಗಿ ಬರಲು ಬಯಸಿದ ಹೊರಗಿನ ಜನ. ಇವರಲ್ಲಿ 36 ಜನರಿಗೆ ಕೊನೆಯವರೆಗೂ ಸೀಟು ಸಿಗದೆ ಅವರು ಕಾಯುವ ಪಟ್ಟಿಯಲ್ಲೇ ಉಳಿದರು, ಹಾಗಾಗಿ ಸೀಟು ಖಚಿತವಾದವರು 532. ಕಾರ್ಯಕ್ರಮದ ಹಿಂದಿನ ಸಂಜೆಯೊಳಗೆ 32 ಜನ ತಾವಾಗಿಯೇ ರದ್ದು ಮಾಡಿದರು. ಅಂತಿಮವಾಗಿ, ಅಂದು ಬೆಳಿಗ್ಗೆ ನೀವು ಬಾಗಿಲಲ್ಲಿ ಎದುರುನೋಡುತ್ತಿದ್ದವರು 500 ಜನ.

ಎರಡು ಸಲ ಬಂದ ಹೆಸರುಗಳನ್ನು ಹುಡುಕುವುದು ಸ್ಪ್ರೆಡ್‌ಶೀಟ್‌ನಲ್ಲಿ ಸುಲಭ. ಇಮೇಲ್ ವಿಳಾಸಗಳು C ಕಾಲಮ್ಮಿನಲ್ಲಿದ್ದರೆ, ಖಾಲಿ ಇರುವ H ಕಾಲಮ್ಮಿನಲ್ಲಿ ಮೊದಲ ಸೂತ್ರವನ್ನೂ I ಕಾಲಮ್ಮಿನಲ್ಲಿ ಎರಡನೆಯದನ್ನೂ ಬರೆದು ಕೆಳಗಿನವರೆಗೂ ಎಳೆಯಿರಿ.

```
=LOWER(TRIM(C2))
=COUNTIF(H$2:H2,H2)
```

ಮೊದಲನೆಯದು ಅಕ್ಷರಗಳ ಹಿಂದೆಮುಂದೆ ಉಳಿದ ಖಾಲಿ ಜಾಗವನ್ನು ತೆಗೆದು ಎಲ್ಲವನ್ನೂ ಸಣ್ಣಕ್ಷರಕ್ಕೆ ತರುತ್ತದೆ. ಎರಡನೆಯದು ಅದೇ ವಿಳಾಸ ಮೊದಲ ಸಲ ಬಂದಾಗ 1 ಎಂದೂ ಮತ್ತೆ ಬಂದಾಗ 2, 3 ಎಂದೂ ತೋರಿಸುತ್ತದೆ. ಆದರೆ 2 ಎಂದು ಕಂಡದ್ದನ್ನೆಲ್ಲ ಕಣ್ಣುಮುಚ್ಚಿ ಅಳಿಸಬೇಡಿ. ಒಬ್ಬರು ತಮ್ಮ ಕಚೇರಿಯ ನಾಲ್ವರ ಹೆಸರನ್ನು ಒಂದೇ ಇಮೇಲ್‌ನಿಂದ ನೋಂದಾಯಿಸಿರುವುದು ಸಾಮಾನ್ಯ. ಅಲ್ಲಿ ವಿಳಾಸ ಒಂದೇ ಆದರೂ ಜನ ನಾಲ್ವರು. ಹೆಸರಿನ ಕಾಲಮ್ಮನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದ ಮೇಲೆಯೇ ತೀರ್ಮಾನಿಸಿ. ಇದಕ್ಕೆ ವಿರುದ್ಧವಾಗಿ, ಒಬ್ಬರೇ ಕಚೇರಿಯ ವಿಳಾಸದಿಂದ ಒಮ್ಮೆ, ಸ್ವಂತ ವಿಳಾಸದಿಂದ ಇನ್ನೊಮ್ಮೆ ನೋಂದಾಯಿಸಿರುವುದೂ ಉಂಟು. ಅದು ಫೋನ್ ಸಂಖ್ಯೆಯ ಕಾಲಮ್ಮಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ವರದಿಯಲ್ಲಿ ಈ ಸೋಸುವಿಕೆಯ ಪ್ರತಿ ಹೆಜ್ಜೆಯನ್ನೂ ಬರೆಯುವ ಅಗತ್ಯವಿಲ್ಲ. ಆದರೆ ಒಂದೇ ಸಂಖ್ಯೆಯನ್ನು ಬರೆದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಪ್ರಾಯೋಜಕರಿಗೆ 568 ಎಂಬುದು ವಿಷಯದ ಬಗ್ಗೆ ಎಷ್ಟು ಆಸಕ್ತಿ ಇತ್ತು ಎಂದು ಹೇಳುತ್ತದೆ, 500 ಎಂಬುದು ಹಾಜರಾತಿಯ ಲೆಕ್ಕಕ್ಕೆ ಆಧಾರವಾಗುತ್ತದೆ. ಎರಡನ್ನೂ ಒಟ್ಟಿಗೆ ಹೀಗೆ ಹೇಳಬಹುದು:

> "ಒಟ್ಟು 568 ಜನರು ಭಾಗವಹಿಸಲು ನೋಂದಾಯಿಸಿದರು. ಆಸನಗಳ ಮಿತಿಯಿಂದಾಗಿ 532 ಜನರಿಗೆ ಪ್ರವೇಶವನ್ನು ಖಚಿತಪಡಿಸಲಾಯಿತು, ಅವರಲ್ಲಿ 32 ಜನರು ಹಿಂದಿನ ದಿನದೊಳಗೆ ರದ್ದು ಮಾಡಿದ್ದರಿಂದ ಕಾರ್ಯಕ್ರಮದ ದಿನ ನಿರೀಕ್ಷಿತರ ಸಂಖ್ಯೆ 500 ಆಗಿತ್ತು. ಸಂಘಟಕರು, ಭಾಷಣಕಾರರು ಮತ್ತು ಪ್ರಾಯೋಜಕರ ಸಿಬ್ಬಂದಿ ಈ ಲೆಕ್ಕದಲ್ಲಿ ಸೇರಿಲ್ಲ."

ರದ್ದು ಮಾಡಿದವರ ಬಗ್ಗೆ ಒಂದು ಮಾತು. ಹಿಂದಿನ ದಿನವೇ ತಿಳಿಸಿದವರ ಸೀಟನ್ನು ಕಾಯುವ ಪಟ್ಟಿಯಲ್ಲಿದ್ದವರಿಗೆ ಕೊಡಲು ಸಾಧ್ಯವಿತ್ತು, ಆದ್ದರಿಂದ ಅವರನ್ನು ಗೈರುಹಾಜರಾದವರೆಂದು ಎಣಿಸುವುದು ನ್ಯಾಯವಲ್ಲ. ಅದೇ ದಿನ ಬೆಳಿಗ್ಗೆ ಬರಲಾಗುವುದಿಲ್ಲ ಎಂದು ಸಂದೇಶ ಕಳುಹಿಸಿದವರ ಸೀಟು ಮಾತ್ರ ಖಾಲಿಯೇ ಉಳಿಯಿತು, ಅವರು 500ರಲ್ಲಿ ಸೇರುತ್ತಾರೆ. ಗಡಿ ಎಲ್ಲಿ ಎಳೆಯಬೇಕು ಎಂಬುದು ನಿಮ್ಮ ತೀರ್ಮಾನ, ಆದರೆ ಎಳೆದ ಗಡಿಯನ್ನು ಎಲ್ಲ ವರ್ಷಗಳ ವರದಿಯಲ್ಲೂ ಒಂದೇ ಕಡೆ ಇಡಿ.

ಹಂತ 3: ಹಾಜರಾದವರನ್ನು ಎಣಿಸಿ, ನಂತರ ಪ್ರಮಾಣ ಕಟ್ಟಿ

ಸ್ಕ್ಯಾನ್ ದಾಖಲೆಯಲ್ಲಿ 361 ನಮೂದುಗಳಿವೆ ಎಂದುಕೊಳ್ಳಿ. ಊಟದ ಸಮಯದಲ್ಲಿ ಹೊರಗೆ ಹೋಗಿ ಬಂದವರ ಬ್ಯಾಡ್ಜನ್ನು ಸ್ವಯಂಸೇವಕರು ಮತ್ತೆ ಸ್ಕ್ಯಾನ್ ಮಾಡಿದ್ದರಿಂದ ಆದ 14 ಪುನರಾವರ್ತನೆಗಳನ್ನು ತೆಗೆದರೆ 347. ತಂಡದವರು, ಭಾಷಣಕಾರರು, ಪ್ರಾಯೋಜಕರ ಸಿಬ್ಬಂದಿ 39 ಜನ. ಅವರನ್ನು ತೆಗೆದರೆ 308. ಇವರಲ್ಲಿ 18 ಜನ ಮೊದಲೇ ನೋಂದಾಯಿಸದೆ ಬಾಗಿಲಲ್ಲೇ ಹೆಸರು ಬರೆಸಿ ಒಳಗೆ ಬಂದವರು. ಉಳಿದ 290 ಜನ ಮೊದಲೇ ನೋಂದಾಯಿಸಿದವರು. ಬೆಳಿಗ್ಗೆ ಸ್ಕ್ಯಾನರ್ ಸ್ವಲ್ಪ ಹೊತ್ತು ನಿಂತಾಗ ಕಾಗದದಲ್ಲಿ ಬರೆದುಕೊಂಡ 10 ಹೆಸರುಗಳು ಸ್ಕ್ಯಾನ್ ದಾಖಲೆಯಲ್ಲಿಲ್ಲ, ಆದರೆ ನೋಂದಣಿ ಪಟ್ಟಿಯಲ್ಲಿವೆ. ಅವರನ್ನು ಸೇರಿಸಿದರೆ 300.

ಹಾಜರಾತಿ ಪ್ರಮಾಣ ಎಂದರೆ, ಬರುತ್ತಾರೆಂದು ನಿರೀಕ್ಷಿಸಿದ್ದವರಲ್ಲಿ ಬಂದವರ ಪಾಲು. ಆದ್ದರಿಂದ 500ರಲ್ಲಿ 300, ಶೇ. 60. ನೇರವಾಗಿ ಬಂದ 18 ಜನರನ್ನು ಸೇರಿಸಿ ಒಟ್ಟು ಸಭಿಕರ ಸಂಖ್ಯೆ 318. ಈ ಎರಡೂ ಸಂಖ್ಯೆಗಳು ವರದಿಯಲ್ಲಿರಬೇಕು, ಆದರೆ ಬೇರೆಬೇರೆಯಾಗಿ. ನೇರವಾಗಿ ಬಂದವರನ್ನು ಮೇಲಿನ ಅಂಶದಲ್ಲಿ ಸೇರಿಸಿದರೆ ತಪ್ಪೇಕೆ ಎಂದರೆ, ಅವರು ಕೆಳಗಿನ ಛೇದದಲ್ಲಿ ಇಲ್ಲವೇ ಇಲ್ಲ. ಅಂಥ ಲೆಕ್ಕದಲ್ಲಿ ಹಾಜರಾತಿ ಶೇ. 100 ಅನ್ನೂ ದಾಟಬಹುದು, ಮತ್ತು ಆಗ ಆ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ.

ಈ ಒಂದು ದಿನದ ದಾಖಲೆಯಿಂದಲೇ ಎಷ್ಟು ಬೇರೆಬೇರೆ ಉತ್ತರಗಳು ಹೊರಡಬಹುದು ಎಂಬುದನ್ನು ನೋಡಿ. ಸೋಸದ 640 ಸಾಲುಗಳನ್ನು ಛೇದವಾಗಿ ಇಟ್ಟರೆ ಹಾಜರಾತಿ ಶೇ. 46.9. ರದ್ದು ಮಾಡಿದವರನ್ನೂ ಉಳಿಸಿಕೊಂಡು 532ರಿಂದ ಭಾಗಿಸಿದರೆ ಶೇ. 56.4. ನೇರವಾಗಿ ಬಂದವರನ್ನು ಸೇರಿಸಿದರೆ ಶೇ. 63.6. ತಂಡದವರನ್ನೂ ಭಾಷಣಕಾರರನ್ನೂ ಸೇರಿಸಿ, ಒಳಗಿದ್ದ 357 ಜನರೆಲ್ಲರನ್ನೂ ಎಣಿಸಿದರೆ ಶೇ. 71.4. ಇವುಗಳಲ್ಲಿ ಯಾವುದಕ್ಕೂ ಸುಳ್ಳು ದಾಖಲೆ ಬೇಕಿಲ್ಲ, ಎಲ್ಲವೂ ಅದೇ ಕಡತಗಳಿಂದ ಬಂದವು. ಪ್ರಾಯೋಜಕರು ಹಲವು ಸಂಘಟಕರಿಂದ ವರದಿ ಪಡೆಯುತ್ತಾರೆ. ಒಬ್ಬರು ಶೇ. 60 ಎಂದೂ ಇನ್ನೊಬ್ಬರು ಶೇ. 71 ಎಂದೂ ಬರೆದಾಗ, ಲೆಕ್ಕದ ವಿಧಾನ ಬರೆಯದೇ ಹೋದರೆ, ಪ್ರಾಮಾಣಿಕವಾಗಿ ಎಣಿಸಿದವರೇ ಸೋತಂತೆ ಕಾಣುತ್ತದೆ. ಆದ್ದರಿಂದ ವಿಧಾನವನ್ನು ಬರೆಯುವುದು ನಿಮ್ಮ ರಕ್ಷಣೆಗೂ ಅಗತ್ಯ.

ಸ್ಥಿತಿಯ ಕಾಲಮ್ಮು J ಆಗಿದ್ದು ಅದರಲ್ಲಿ `confirmed` ಎಂದೂ, ಹಾಜರಾತಿಯ ಕಾಲಮ್ಮು K ಆಗಿದ್ದು ಅದರಲ್ಲಿ `yes` ಎಂದೂ ತುಂಬಿದ್ದರೆ, ಸೋಸಿದ ಹಾಳೆಯಲ್ಲಿ ಈ ಸೂತ್ರ ಸಾಕು:

```
=COUNTIFS(J:J,"confirmed",K:K,"yes")/COUNTIF(J:J,"confirmed")
```

ನೇರವಾಗಿ ಬಂದವರಿಗೆ J ಕಾಲಮ್ಮಿನಲ್ಲಿ `walkin` ಎಂಬಂಥ ಬೇರೆ ಪದವನ್ನು ಕೊಡಿ. ಅವರನ್ನೂ `confirmed` ಎಂದೇ ಗುರುತಿಸಿದರೆ ಅವರು ಮೇಲೂ ಕೆಳಗೂ ಸೇರಿಕೊಂಡು ಪ್ರಮಾಣ ಸದ್ದಿಲ್ಲದೆ ಏರುತ್ತದೆ. ಇಲ್ಲಿ 518ರಲ್ಲಿ 318 ಆಗಿ ಅದು ಶೇ. 61.4 ಆಗುತ್ತದೆ. ವ್ಯತ್ಯಾಸ ಚಿಕ್ಕದಾದ್ದರಿಂದಲೇ ಇದು ಯಾರ ಕಣ್ಣಿಗೂ ಬೀಳದೆ ಉಳಿಯುವ ತಪ್ಪು.

ಎಣಿಕೆ ಸರಿಯಿದೆಯೇ ಎಂದು ನೋಡಲು ಸ್ಕ್ಯಾನರ್‌ಗೆ ಸಂಬಂಧವಿಲ್ಲದ ಇನ್ನೊಂದು ಸಾಕ್ಷ್ಯ ಬೇಕು. ಅತ್ಯಂತ ಸುಲಭವಾದದ್ದು ಬ್ಯಾಡ್ಜ್. ನಿರೀಕ್ಷಿತರಿಗಾಗಿ 500 ಬ್ಯಾಡ್ಜ್ ಮುದ್ರಿಸಿ, ಸಂಜೆ ಮೇಜಿನ ಮೇಲೆ 197 ಉಳಿದಿದ್ದರೆ, ಹೋದವು 303. ನಿಮ್ಮ ಲೆಕ್ಕ 300. ಗೆಳೆಯರ ಬ್ಯಾಡ್ಜನ್ನೂ ತೆಗೆದುಕೊಂಡವರು ಒಬ್ಬಿಬ್ಬರು ಇದ್ದೇ ಇರುತ್ತಾರಾದ್ದರಿಂದ ಮೂರರ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಮೂವತ್ತರ ವ್ಯತ್ಯಾಸ ಬಂದರೆ ಮಾತ್ರ ಬಾಗಿಲಲ್ಲಿ ಯಾವುದೋ ಹೊತ್ತಿನಲ್ಲಿ ಸ್ಕ್ಯಾನ್ ಮಾಡದೆ ಜನರನ್ನು ಬಿಡಲಾಗಿದೆ ಎಂದರ್ಥ. ಸ್ಕ್ಯಾನ್ ಸಮಯಗಳನ್ನು ಹದಿನೈದು ನಿಮಿಷಗಳ ತುಂಡುಗಳಾಗಿ ಹರಡಿ ನೋಡಿದರೆ, ಸಾಲು ಉದ್ದವಿದ್ದ ಹೊತ್ತಿನಲ್ಲಿ ಒಂದು ಖಾಲಿ ಜಾಗ ಕಾಣುತ್ತದೆ. ಅಂಥ ಸಂದರ್ಭದಲ್ಲಿ ಸ್ಕ್ಯಾನ್ ಸಂಖ್ಯೆಯನ್ನೇ ಬರೆದು, ಇಂಥ ಹೊತ್ತಿನಲ್ಲಿ ದಾಖಲಾತಿ ಅಪೂರ್ಣವಾಗಿತ್ತು, ಬ್ಯಾಡ್ಜ್ ಲೆಕ್ಕದ ಪ್ರಕಾರ ಬಂದವರು ಇಷ್ಟು ಎಂದು ಪಕ್ಕದಲ್ಲಿ ತಿಳಿಸಿ. ಎರಡನ್ನು ಬೆರೆಸಿ ಮೂರನೆಯ ಸಂಖ್ಯೆಯನ್ನು ಸೃಷ್ಟಿಸಬೇಡಿ.

ಕಾರ್ಯಕ್ರಮ ಒಂದಕ್ಕಿಂತ ಹೆಚ್ಚು ದಿನ ನಡೆದಿದ್ದರೆ ಪ್ರತಿ ದಿನದ ಸಂಖ್ಯೆಗಳನ್ನು ಕೂಡಿಸಿ "ಒಟ್ಟು ಹಾಜರಾತಿ" ಎನ್ನಬೇಡಿ. ಎರಡೂ ದಿನ ಬಂದವರು ಅಲ್ಲಿ ಇಬ್ಬರಾಗುತ್ತಾರೆ. ಬಂದ ವ್ಯಕ್ತಿಗಳು ಎಷ್ಟು ಮತ್ತು ದಿನವಾರು ಪ್ರವೇಶ ಎಷ್ಟು ಎಂದು ಎರಡು ಸಾಲು ಬರೆಯಿರಿ. ಆನ್‌ಲೈನ್ ಪ್ರಸಾರದ ವೀಕ್ಷಕರನ್ನೂ ಇದೇ ಕಾರಣಕ್ಕೆ ಸಭಾಂಗಣದ ಸಂಖ್ಯೆಯೊಂದಿಗೆ ಕೂಡಿಸಬಾರದು. ವೀಕ್ಷಣೆಗಳ ಸಂಖ್ಯೆ ವ್ಯಕ್ತಿಗಳ ಸಂಖ್ಯೆಯಲ್ಲ, ಒಬ್ಬರೇ ಮೂರು ಸಲ ಸಂಪರ್ಕ ಕಡಿದು ಮತ್ತೆ ಸೇರಿದರೆ ಅದು ಮೂರು ವೀಕ್ಷಣೆಗಳಾಗಬಹುದು. ಒಂದೇ ಕ್ಷಣದಲ್ಲಿ ಗರಿಷ್ಠ ಎಷ್ಟು ಜನ ನೋಡುತ್ತಿದ್ದರು ಎಂಬ ಸಂಖ್ಯೆಯೇ ಪ್ರಾಯೋಜಕರಿಗೆ ಹೆಚ್ಚು ಉಪಯುಕ್ತ.

ಹಂತ 4: ಗೋಷ್ಠಿಯ ಹೊತ್ತಿಗೆ ಒಳಗೆ ಎಷ್ಟು ಜನರಿದ್ದರು ಎಂಬುದನ್ನು ಬೇರೆಯಾಗಿ ಹೇಳಿ

ಬಾಗಿಲಿನ ಲೆಕ್ಕ ಒಳಗೆ ಬಂದವರನ್ನು ಎಣಿಸುತ್ತದೆ, ಹೊರಟವರನ್ನು ಎಣಿಸುವುದಿಲ್ಲ. ಒಬ್ಬ ಪ್ರಾಯೋಜಕರಿಗೆ ಮಧ್ಯಾಹ್ನದ ಮೇಲೆ ಒಂದು ಗೋಷ್ಠಿಯನ್ನು ಕೊಟ್ಟಿದ್ದರೆ, ಅವರಿಗೆ 318 ಎಂಬ ಸಂಖ್ಯೆಯಿಂದ ಪ್ರಯೋಜನವಿಲ್ಲ. ತಮ್ಮ ಗೋಷ್ಠಿಯಲ್ಲಿ ಎಷ್ಟು ಜನ ಕುಳಿತಿದ್ದರು ಎಂಬುದನ್ನು ಅವರು ತಿಳಿಯಬಯಸುತ್ತಾರೆ, ಮತ್ತು ವೇದಿಕೆಯ ಮೇಲಿದ್ದ ಅವರ ಭಾಷಣಕಾರರು ಅದನ್ನು ಕಣ್ಣಾರೆ ನೋಡಿಯೂ ಇರುತ್ತಾರೆ. ಆದ್ದರಿಂದ ಪ್ರತಿ ಗೋಷ್ಠಿ ಶುರುವಾಗಿ ಹದಿನೈದು ನಿಮಿಷಗಳಾದ ಮೇಲೆ ಒಬ್ಬ ಸ್ವಯಂಸೇವಕರು ಹಿಂದಿನ ಸಾಲಿನಿಂದ ತಲೆ ಎಣಿಸಿ ಬರೆದಿಡುವ ವ್ಯವಸ್ಥೆಯನ್ನು ಕಾರ್ಯಕ್ರಮಕ್ಕೆ ಮೊದಲೇ ಮಾಡಿಕೊಳ್ಳಿ. ವರದಿಯಲ್ಲಿ "ಗೋಷ್ಠಿ ಆರಂಭವಾದ 15 ನಿಮಿಷಗಳ ನಂತರದ ಎಣಿಕೆ: 142" ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಆಗ ಎಣಿಸದೇ ಇದ್ದರೆ ಛಾಯಾಚಿತ್ರಗಳಿಂದ ಊಹಿಸಿ ನಿಖರ ಸಂಖ್ಯೆ ಕೊಡುವ ಬದಲು, ಎಣಿಕೆ ನಡೆದಿಲ್ಲ ಎಂದು ಬರೆದು ಸಭಾಂಗಣದ ಚಿತ್ರವನ್ನು ಲಗತ್ತಿಸುವುದು ಮೇಲು.

ಹಂತ 5: ಅಭಿಪ್ರಾಯಗಳನ್ನು ಉತ್ತರಿಸಿದವರ ಸಂಖ್ಯೆಯೊಂದಿಗೇ ಬರೆಯಿರಿ

ಅಭಿಪ್ರಾಯ ಸಂಗ್ರಹದ ಅರ್ಜಿಯನ್ನು ಬಂದ 318 ಜನರಿಗೆ ಮಾತ್ರ ಕಳುಹಿಸಬೇಕು. ಗೈರಾದವರಿಗೂ ಸೇರಿಸಿ ಕಳುಹಿಸಿದರೆ ಅವರೂ ಕಾರ್ಯಕ್ರಮಕ್ಕೆ ಅಂಕ ಕೊಟ್ಟುಬಿಡುತ್ತಾರೆ, ಅದನ್ನು ಆಮೇಲೆ ಬೇರ್ಪಡಿಸುವುದು ಕಷ್ಟ. ಕೊನೆಯ ಗೋಷ್ಠಿ ಮುಗಿಯುವ ಮುನ್ನ ಪರದೆಯ ಮೇಲೆ ಕ್ಯೂಆರ್ ಕೋಡ್ ತೋರಿಸಿ ಅಲ್ಲೇ ಐದು ನಿಮಿಷ ಕೊಡುವುದು, ಮರುದಿನ ಇಮೇಲ್ ಕಳುಹಿಸಿ ಕಾಯುವುದಕ್ಕಿಂತ ಹೆಚ್ಚು ಉತ್ತರ ತರುತ್ತದೆ. ಆದರೆ ಅದು ಕೊನೆಯವರೆಗೂ ಉಳಿದವರ ಉತ್ತರ ಮಾತ್ರ ಆಗದಂತೆ, ಮಧ್ಯದಲ್ಲೇ ಹೊರಟವರಿಗಾಗಿ ಇಮೇಲ್ ಕೂಡ ಹೋಗಬೇಕು.

ಉದಾಹರಣೆಯಲ್ಲಿ ಖಾಲಿ ಉತ್ತರಗಳನ್ನೂ ಪುನರಾವರ್ತನೆಗಳನ್ನೂ ತೆಗೆದ ಮೇಲೆ 108 ಉತ್ತರಗಳು ಉಳಿದವು. ಪ್ರತಿಕ್ರಿಯಾ ಪ್ರಮಾಣ, ಅಂದರೆ ಕೇಳಿದವರಲ್ಲಿ ಉತ್ತರಿಸಿದವರ ಪಾಲು, 318ರಲ್ಲಿ 108, ಶೇ. 34. ಒಂದರಿಂದ ಐದರ ಅಳತೆಯಲ್ಲಿ ಐದು ಅಂಕ ಕೊಟ್ಟವರು 46, ನಾಲ್ಕು 38, ಮೂರು 15, ಎರಡು 6, ಒಂದು 3. ಸರಾಸರಿ 4.1. ಸರಾಸರಿಯೊಂದನ್ನೇ ಬರೆಯುವುದಕ್ಕಿಂತ ಈ ಐದು ಸಂಖ್ಯೆಗಳನ್ನೂ ಒಂದು ಪಟ್ಟಿಯಾಗಿ ಕೊಡುವುದು ಉತ್ತಮ, ಏಕೆಂದರೆ ಬಹುತೇಕ ಎಲ್ಲರೂ ನಾಲ್ಕು ಕೊಟ್ಟಾಗಲೂ, ಹೆಚ್ಚಿನವರು ಐದು ಕೊಟ್ಟು ಉಳಿದವರು ತೀವ್ರವಾಗಿ ಬೇಸರಗೊಂಡಾಗಲೂ ಸರಾಸರಿ ಒಂದೇ ಆಗಬಹುದು.

ಇಲ್ಲಿ ಆಗುವ ತಪ್ಪು ವಾಕ್ಯರಚನೆಯಲ್ಲಿದೆ. "ಸಭಿಕರಲ್ಲಿ ಶೇ. 78ರಷ್ಟು ಜನ ಕಾರ್ಯಕ್ರಮವನ್ನು ಮೆಚ್ಚಿದರು" ಎಂದು ಬರೆಯುವುದು ನಿಜವಲ್ಲ, ಏಕೆಂದರೆ ಸಭಿಕರಲ್ಲಿ ಮೂರನೇ ಎರಡು ಭಾಗದಷ್ಟು ಜನ ಏನನ್ನೂ ಹೇಳಿಲ್ಲ. "ಉತ್ತರಿಸಿದ 108 ಜನರಲ್ಲಿ 84 ಜನರು (ಶೇ. 78) ನಾಲ್ಕು ಅಥವಾ ಐದು ಅಂಕ ನೀಡಿದರು" ಎಂದರೆ ನಿಜ.

ಉತ್ತರಿಸದವರು ಉತ್ತರಿಸಿದವರಂತೆಯೇ ಇರುತ್ತಾರೆ ಎಂದು ಏಕೆ ಭಾವಿಸಬಾರದು ಎಂಬುದು ಸ್ಟಾಲ್‌ಗಳ ಪ್ರಶ್ನೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅರ್ಜಿಯಲ್ಲಿ "ನೀವು ಯಾವ ಸ್ಟಾಲ್‌ಗಳಲ್ಲಿ ಮಾತನಾಡಿದಿರಿ?" ಎಂದು ಕೇಳಲಾಗಿತ್ತು, "ಯಾವುದರಲ್ಲೂ ಇಲ್ಲ" ಎಂಬ ಆಯ್ಕೆಯೂ ಇತ್ತು. ಒಬ್ಬ ಪ್ರಾಯೋಜಕರ ಸ್ಟಾಲ್ ಹೆಸರನ್ನು 108ರಲ್ಲಿ 61 ಜನ ಗುರುತಿಸಿದರು, ಅಂದರೆ ಶೇ. 56. ಇದನ್ನು 318ಕ್ಕೆ ವಿಸ್ತರಿಸಿ "ಸುಮಾರು 180 ಜನ ನಿಮ್ಮ ಸ್ಟಾಲ್‌ಗೆ ಬಂದರು" ಎಂದು ಬರೆಯುವ ಆಸೆ ಹುಟ್ಟುತ್ತದೆ. ಆದರೆ ಆ ಪ್ರಾಯೋಜಕರು ತಮ್ಮ ಸ್ಟಾಲ್‌ನಲ್ಲಿ ತಾವೇ ಸ್ಕ್ಯಾನ್ ಮಾಡಿದ ಬ್ಯಾಡ್ಜ್‌ಗಳ ಲೆಕ್ಕ ಅವರ ಬಳಿ ಇದೆ, ಅದು 94. ಕಾರ್ಯಕ್ರಮದಲ್ಲಿ ಓಡಾಡಿ ಮಾತನಾಡಿದವರೇ ಅರ್ಜಿಯನ್ನೂ ತುಂಬುವ ಸಂಭವ ಹೆಚ್ಚಾದ್ದರಿಂದ ಶೇ. 56 ಎಂಬುದು ಎಲ್ಲರ ಮಟ್ಟಿಗೆ ಹೆಚ್ಚಾಗಿರಬಹುದು. ಸ್ಟಾಲ್‌ನಲ್ಲಿ ಮಾತನಾಡಿದವರೆಲ್ಲರೂ ಬ್ಯಾಡ್ಜ್ ಸ್ಕ್ಯಾನ್ ಮಾಡಿಸಿಕೊಂಡಿರುವುದಿಲ್ಲವಾದ್ದರಿಂದ 94 ಎಂಬುದು ಕಡಿಮೆಯೂ ಆಗಿರಬಹುದು. ಎರಡೂ ಸಂಖ್ಯೆಗಳನ್ನು ಅವುಗಳ ಮೂಲದೊಂದಿಗೆ ಬರೆಯಿರಿ, ಗುಣಾಕಾರದಿಂದ ಬಂದ 180 ಅನ್ನು ಬಿಟ್ಟುಬಿಡಿ. ಪ್ರಾಯೋಜಕರು ತಮ್ಮ ಬಳಿಯ ಸಂಖ್ಯೆಯೊಂದಿಗೆ ಹೋಲಿಸಿ ನೋಡಬಲ್ಲ ಅಂಕಿಯೊಂದು ತಪ್ಪಾದರೆ, ಹೋಲಿಸಿ ನೋಡಲಾಗದ ಉಳಿದ ಅಂಕಿಗಳನ್ನೂ ಅವರು ನಂಬುವುದಿಲ್ಲ.

ಕೆಲವು ಪ್ರಾಯೋಜಕರು ಎನ್‌ಪಿಎಸ್ ಕೇಳುತ್ತಾರೆ. ಈ ಕಾರ್ಯಕ್ರಮವನ್ನು ನಿಮ್ಮ ಪರಿಚಿತರಿಗೆ ಶಿಫಾರಸು ಮಾಡುವಿರಾ ಎಂಬ ಪ್ರಶ್ನೆಗೆ 0ರಿಂದ 10ರವರೆಗೆ ಅಂಕ ಕೇಳಿ, 9 ಮತ್ತು 10 ಕೊಟ್ಟವರ ಶೇಕಡಾವಾರಿನಿಂದ 0ರಿಂದ 6 ಕೊಟ್ಟವರ ಶೇಕಡಾವಾರನ್ನು ಕಳೆದರೆ ಬರುವ ಸಂಖ್ಯೆ ಅದು. 7 ಮತ್ತು 8 ಕೊಟ್ಟವರು ಛೇದದಲ್ಲಿ ಇರುತ್ತಾರೆ, ಕೂಡುವ ಕಳೆಯುವ ಲೆಕ್ಕದಲ್ಲಿ ಬರುವುದಿಲ್ಲ. ನೀವು ಐದು ಅಂಕದ ಪ್ರಶ್ನೆಯನ್ನು ಮಾತ್ರ ಕೇಳಿದ್ದರೆ ಅದರಿಂದ ಎನ್‌ಪಿಎಸ್ ತೆಗೆಯಲು ಬರುವುದಿಲ್ಲ, ಎರಡರಿಂದ ಗುಣಿಸಿ ಹೊಂದಿಸಲು ಹೋಗಬೇಡಿ. ಬೇಕಾದವರಿಗೆ ಮುಂದಿನ ಅರ್ಜಿಯಲ್ಲಿ ಆ ಪ್ರಶ್ನೆಯನ್ನು ಸೇರಿಸುವುದಾಗಿ ತಿಳಿಸಿ.

ಗುಂಪುಗಳು ಚಿಕ್ಕದಾದಾಗ ಶೇಕಡಾವಾರು ಬೇಡ. ಉತ್ತರಿಸಿದವರಲ್ಲಿ ವ್ಯವಸ್ಥಾಪಕ ಹುದ್ದೆಯವರು 7 ಜನ ಮಾತ್ರ ಇದ್ದು ಅವರಲ್ಲಿ 5 ಜನ ಮೆಚ್ಚಿದ್ದರೆ, "7ರಲ್ಲಿ 5" ಎಂದಷ್ಟೇ ಬರೆಯಿರಿ. ಶೇ. 71 ಎಂದರೆ ಅದಕ್ಕಿಲ್ಲದ ತೂಕ ಬರುತ್ತದೆ, ಏಕೆಂದರೆ ಒಬ್ಬರು ಮನಸ್ಸು ಬದಲಿಸಿದರೆ ಅದು ಹದಿನಾಲ್ಕು ಅಂಶಗಳಷ್ಟು ಆಚೀಚೆ ಆಗುತ್ತದೆ. ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನರಿದ್ದರೆ ಅದನ್ನು ಬೇರೆಯಾಗಿ ತೋರಿಸಲೇ ಬೇಡಿ, ಯಾರು ಏನು ಹೇಳಿದರು ಎಂಬುದು ಪತ್ತೆಯಾಗಿಬಿಡುತ್ತದೆ.

ಮುಕ್ತವಾಗಿ ಬರೆದ ಮಾತುಗಳನ್ನು ಒಬ್ಬರು ಕುಳಿತು ಪೂರ್ತಿ ಓದಿ, ಪ್ರತಿಯೊಂದಕ್ಕೂ ಧ್ವನಿವ್ಯವಸ್ಥೆ, ಬೆಳಗಿನ ಸಾಲು, ವಿಷಯದ ಆಳ ಎಂಬಂತೆ ಒಂದೋ ಎರಡೋ ಗುರುತು ಹಾಕಬೇಕು. ಬರೆದ 41 ಮಾತುಗಳಲ್ಲಿ 14 ಧ್ವನಿಯ ಬಗ್ಗೆ ಇದ್ದರೆ ಅದು ವರದಿಯಲ್ಲಿ ಬರಲೇಬೇಕು, ಜೊತೆಗೆ ಮುಂದಿನ ಸಲ ಅದಕ್ಕೆ ಏನು ಮಾಡಲಿದ್ದೀರಿ ಎಂಬುದೂ ಬರಬೇಕು. ಹೊಗಳಿಕೆಯ ಮೂರು ಸಾಲುಗಳನ್ನಷ್ಟೇ ಆರಿಸಿ ಹಾಕಿದ ವರದಿ ಜಾಹೀರಾತಿನಂತೆ ಕಾಣುತ್ತದೆ. ಉಲ್ಲೇಖಿಸುವ ಮಾತನ್ನು ತಿದ್ದದೆ, ಬರೆದವರ ಹೆಸರು ಹಾಕದೆ ಕೊಡಿ.

ಹಂತ 6: ಪ್ರತಿ ಪ್ರಾಯೋಜಕರಿಗೂ ಅವರದೇ ಆದ ಪುಟ

ಇಲ್ಲಿಯವರೆಗಿನದು ಎಲ್ಲ ಪ್ರಾಯೋಜಕರಿಗೂ ಒಂದೇ. ಇದರ ಜೊತೆಗೆ ಒಪ್ಪಂದದ ಪ್ರತಿಯನ್ನು ಮುಂದಿಟ್ಟುಕೊಂಡು ಪ್ರತಿಯೊಬ್ಬರಿಗೂ ಒಂದು ಪುಟವನ್ನು ಸಿದ್ಧಪಡಿಸಿ: ಏನು ಕೊಡುವುದಾಗಿ ಹೇಳಿದ್ದೆವು, ಏನು ಕೊಟ್ಟೆವು, ಸಾಕ್ಷ್ಯವೇನು. ಬ್ಯಾಡ್ಜಿನ ಮೇಲಿನ ಲಾಂಛನಕ್ಕೆ ಬ್ಯಾಡ್ಜಿನ ಚಿತ್ರ, ಸಾಮಾಜಿಕ ಜಾಲತಾಣದ ಪ್ರಕಟಣೆಗಳಿಗೆ ಕೊಂಡಿ, ಗೋಷ್ಠಿಗೆ ತಲೆ ಎಣಿಕೆ. ಕೊಡಲಾಗದೇ ಹೋದದ್ದು ಇದ್ದರೆ, ಉದಾಹರಣೆಗೆ ಒಪ್ಪಿದ್ದ ಎರಡು ಬ್ಯಾನರ್‌ಗಳಲ್ಲಿ ಒಂದೇ ಹಾಕಲಾಗಿದ್ದರೆ, ಅದನ್ನು ಇದೇ ಪಟ್ಟಿಯಲ್ಲಿ ಬರೆದು ಪರಿಹಾರವಾಗಿ ಏನು ಕೊಡುತ್ತೀರಿ ಎಂದು ಪಕ್ಕದಲ್ಲೇ ಹೇಳಿ. ಒಬ್ಬರ ಸ್ಟಾಲ್‌ನ ಸಂಖ್ಯೆ ಇನ್ನೊಬ್ಬರ ಪುಟದಲ್ಲಿ ಬರಬಾರದು. ಒಂದೇ ಕಡತವನ್ನು ಹೆಸರು ಬದಲಿಸಿ ಎಲ್ಲರಿಗೂ ಕಳುಹಿಸುವಾಗ ಈ ತಪ್ಪು ಆಗುತ್ತದೆ.

ನೋಂದಾಯಿಸಿದವರ ಹೆಸರು, ಇಮೇಲ್, ಫೋನ್ ಸಂಖ್ಯೆಗಳ ಪಟ್ಟಿಯನ್ನು ಪ್ರಾಯೋಜಕರು ಕೇಳುವುದು ಅಪರೂಪವಲ್ಲ. ನೋಂದಣಿಯ ಅರ್ಜಿಯಲ್ಲಿ, ಪ್ರಾಯೋಜಕರೊಂದಿಗೆ ವಿವರ ಹಂಚಿಕೊಳ್ಳಲು ಒಪ್ಪಿಗೆಯೇ ಎಂದು ಪ್ರತ್ಯೇಕವಾಗಿ ಕೇಳಿ, ಹೌದು ಎಂದು ತಾವಾಗಿಯೇ ಗುರುತು ಹಾಕಿದವರ ವಿವರಗಳನ್ನು ಮಾತ್ರ ಕೊಡಬಹುದು. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಾಗುವುದಿಲ್ಲ. ಕೇಳದೇ ಇದ್ದರೆ ಯಾರ ವಿವರವನ್ನೂ ಕೊಡುವಂತಿಲ್ಲ. ಆಗ ಹುದ್ದೆ, ಅನುಭವ, ಕ್ಷೇತ್ರಗಳ ಪ್ರಕಾರ ಒಟ್ಟು ಸಂಖ್ಯೆಗಳನ್ನು ಮಾತ್ರ ಕೊಡಿ. ಆ ಸಂಖ್ಯೆಗಳು ಬಂದ 318 ಜನರದ್ದಾಗಿರಲಿ, ನೋಂದಾಯಿಸಿದ 568 ಜನರದ್ದಲ್ಲ. ನೋಂದಣಿಯಲ್ಲಿ ವಿದ್ಯಾರ್ಥಿಗಳು ಅರ್ಧದಷ್ಟಿದ್ದು, ಬಂದವರಲ್ಲಿ ಅವರ ಪಾಲು ಬೇರೆಯೇ ಆಗಿರುವುದು ಸಾಧ್ಯ, ಮತ್ತು ಪ್ರಾಯೋಜಕರ ಸಿಬ್ಬಂದಿ ಭೇಟಿಯಾದದ್ದು ಬಂದವರನ್ನೇ.

ಹಂತ 7: ಜೋಡಿಸಿ, ಇನ್ನೊಬ್ಬರಿಂದ ಪರಿಶೀಲಿಸಿ, ಕಳುಹಿಸಿ

ಮೊದಲ ಪುಟದಲ್ಲಿ ನಾಲ್ಕೇ ಸಂಖ್ಯೆಗಳು ಸಾಕು: ನೋಂದಣಿ 568, ಸಭಿಕರು 318, ಹಾಜರಾತಿ 500ರಲ್ಲಿ 300 (ಶೇ. 60), ಮೆಚ್ಚಿದವರು ಉತ್ತರಿಸಿದ 108ರಲ್ಲಿ 84. ನಂತರ ವಿವರಗಳು, ಪ್ರಾಯೋಜಕರ ಪುಟ, ಸರಿಹೋಗದ ಸಂಗತಿಗಳು, ಕೊನೆಯಲ್ಲಿ ಲೆಕ್ಕದ ವಿಧಾನವನ್ನು ತಿಳಿಸುವ ಅರ್ಧ ಪುಟ. ಹಿಂದಿನ ವರ್ಷದೊಂದಿಗೆ ಹೋಲಿಸುವುದಾದರೆ ಆ ವರ್ಷದ ಮೂಲ ಕಡತವನ್ನು ತೆಗೆದು ಇದೇ ವಿಧಾನದಿಂದ ಮತ್ತೆ ಎಣಿಸಿ. ಹಳೆಯ ವರದಿಯಲ್ಲಿ ಅಚ್ಚಾದ ಶೇಕಡಾವಾರನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಕಳೆದ ವರ್ಷ ಶುಲ್ಕವಿದ್ದು ಈ ವರ್ಷ ಪ್ರವೇಶ ಉಚಿತವಾಗಿದ್ದರೆ ಅದನ್ನೂ ಹೇಳಬೇಕು, ಏಕೆಂದರೆ ಹಣ ಕೊಟ್ಟವರು ಗೈರಾಗುವುದು ಕಡಿಮೆ, ಮತ್ತು ಆ ಕಾರಣಕ್ಕೆ ಇಳಿದ ಪ್ರಮಾಣ ಆಸಕ್ತಿ ಇಳಿದುದರ ಸೂಚನೆಯಲ್ಲ.

ಕಾರ್ಯಕ್ರಮ ಮುಗಿದ ಎರಡು ಮೂರು ದಿನಗಳಲ್ಲಿ ಕೃತಜ್ಞತೆಯ ಪತ್ರ ಹೋಗಲಿ, ಆದರೆ ಅದರಲ್ಲಿ ಸೋಸದ ಸಂಖ್ಯೆಗಳನ್ನು ಬರೆಯಬೇಡಿ. ಮೊದಲು ಹೋದ ಸಂಖ್ಯೆಯೇ ಪ್ರಾಯೋಜಕರ ಕಚೇರಿಯ ಟಿಪ್ಪಣಿಗಳಲ್ಲಿ ಉಳಿದುಹೋಗುತ್ತದೆ, ಆಮೇಲೆ ಬಂದ ಸರಿಯಾದ ಸಂಖ್ಯೆ ಕಡಿತದಂತೆ ಕಾಣುತ್ತದೆ. ಪೂರ್ಣ ವರದಿಯನ್ನು ಎರಡು ವಾರಗಳೊಳಗೆ ಕಳುಹಿಸುವುದು ಒಳ್ಳೆಯದು, ಅದಕ್ಕಿಂತ ತಡವಾದರೆ ಓದುವವರ ಗಮನ ಬೇರೆಡೆಗೆ ಹೋಗಿರುತ್ತದೆ.

ಕಳುಹಿಸುವ ಮೊದಲು, ಲೆಕ್ಕ ಮಾಡದ ಒಬ್ಬ ಸಹೋದ್ಯೋಗಿಗೆ ಮೂಲ ಕಡತಗಳನ್ನೂ ನಿಮ್ಮ ವಿಧಾನದ ಅರ್ಧ ಪುಟವನ್ನೂ ಕೊಟ್ಟು, ನಿಮ್ಮ ಉತ್ತರ ಹೇಳದೆ ಅವರಿಂದ ಮತ್ತೆ ಎಣಿಸಿ. ಅವರಿಗೂ 500 ಮತ್ತು 300 ಬಂದರೆ ವರದಿ ಸಿದ್ಧ. ಬೇರೆ ಬಂದರೆ ಎಣಿಕೆಯನ್ನು ತಿದ್ದುವ ಮೊದಲು ವಿಧಾನದ ಟಿಪ್ಪಣಿಯನ್ನೇ ಓದಿ ನೋಡಿ, ಅಸ್ಪಷ್ಟ ಸಾಲು ಹೆಚ್ಚಾಗಿ ಅಲ್ಲೇ ಇರುತ್ತದೆ.